ಗುಲಾಮಗಿರಿ ಏಕೆ ಕೊನೆಗೊಂಡಿತು? ತರಗತಿಯ ಪ್ರಶ್ನೆಗಳಿಗೆ ಉತ್ತರ

ಬ್ರಿಟಿಷ್ ಕೆರಿಬಿಯನ್ ವಸಾಹತುಗಳ ಪಾಠ ಮುಗಿದ ಮೇಲೆ ಅಂತಿಮ ಬಿ.ಎ. ವಿದ್ಯಾರ್ಥಿಗಳು ಚೀಟಿಗಳಲ್ಲಿ ಬರೆದುಕೊಟ್ಟ ಪ್ರಶ್ನೆಗಳ ಪೈಕಿ ಹೆಚ್ಚು ಮಂದಿ ಕೇಳಿದವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಸಕ್ಕರೆ ತೋಟಗಳು ನಷ್ಟಕ್ಕೆ ಇಳಿದದ್ದರಿಂದ ಬ್ರಿಟನ್ ಗುಲಾಮಗಿರಿಯನ್ನು ಕೈಬಿಟ್ಟಿತೇ?

ಈ ವಾದವನ್ನು 1944ರಲ್ಲಿ ಬಲವಾಗಿ ಮಂಡಿಸಿದವರು, ಮುಂದೆ ಟ್ರಿನಿಡಾಡ್‌ನ ಪ್ರಧಾನಿಯಾದ ಎರಿಕ್ ವಿಲಿಯಮ್ಸ್. ಗುಲಾಮರ ದುಡಿಮೆಯ ಲಾಭ ಬ್ರಿಟನ್ನಿನ ಕೈಗಾರಿಕೆಗೆ ಬಂಡವಾಳ ಒದಗಿಸಿತು, ಆ ಕೈಗಾರಿಕೆ ಬೆಳೆದ ಮೇಲೆ ಸಕ್ಕರೆ ತೋಟಗಾರರ ವ್ಯಾಪಾರ ರಕ್ಷಣೆ ಅದಕ್ಕೇ ಹೊರೆಯಾಯಿತು ಎಂಬುದು ಅವರ ವಾದದ ತಿರುಳು. ಇದರ ಮೊದಲರ್ಧವನ್ನು ತಳ್ಳಿಹಾಕುವುದು ಸುಲಭವಲ್ಲ. ಎರಡನೆಯ ಅರ್ಧಕ್ಕೆ ಮಾತ್ರ ತೊಡಕಿದೆ. ಗುಲಾಮರ ಸಾಗಣೆಯನ್ನು ನಿಷೇಧಿಸಿದ 1807ರಲ್ಲಿ ಆ ವ್ಯಾಪಾರ ಸೊರಗಿರಲಿಲ್ಲ. ಟ್ರಿನಿಡಾಡ್, ಡೆಮೆರಾರಾಗಳ ಹೊಸ ನೆಲ ಆಗಷ್ಟೇ ಬ್ರಿಟಿಷರ ಕೈಗೆ ಬಂದು, ಇನ್ನಷ್ಟು ಆಳುಗಳಿಗಾಗಿ ಕಾದಿತ್ತು. ಆದ್ದರಿಂದ 'ಲಾಭ ನಿಂತಿತು, ಗುಲಾಮಗಿರಿ ನಿಂತಿತು' ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಡಿ.

ಹಾಗಾದರೆ ಅದು ಮಾನವೀಯತೆಯ ಗೆಲುವೇ?

ನೈತಿಕ ವಾದ ಮುಖವಾಡವಾಗಿರಲಿಲ್ಲ. 1781ರಲ್ಲಿ ಜಾಂಗ್ ಎಂಬ ಹಡಗಿನಿಂದ ಸುಮಾರು 130 ಆಫ್ರಿಕನ್ನರನ್ನು ಜೀವಂತವಾಗಿ ಕಡಲಿಗೆ ಎಸೆದ ಮೇಲೆ, ಹಡಗಿನ ಒಡೆಯರು ತಲೆಗೆ 30 ಪೌಂಡಿನಂತೆ ವಿಮೆಯ ಹಣ ಕೇಳಿ ನ್ಯಾಯಾಲಯಕ್ಕೆ ಹೋದರು. ಅಲ್ಲಿ ನಡೆದದ್ದು ಕೊಲೆಯ ವಿಚಾರಣೆಯಲ್ಲ, ಸರಕಿನ ನಷ್ಟದ ವಿಚಾರಣೆ. ಆಮೇಲೆ ಬ್ರೂಕ್ಸ್ ಹಡಗಿನ ನಕ್ಷೆ ಅಚ್ಚಾಗಿ ಮನೆಮನೆಗೆ ತಲುಪಿತು: ಒಬ್ಬ ಗಂಡಸಿಗೆ 6 ಅಡಿ ಉದ್ದ, 1 ಅಡಿ 4 ಅಂಗುಲ ಅಗಲದ ಜಾಗ. ಇದನ್ನು ಓದಿ ಮುಂದೆ ಹೋಗದೆ, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ನೋಡಿ. ಸ್ವತಃ ಗುಲಾಮನಾಗಿದ್ದ ಒಲಾಡಾ ಈಕ್ವಿಯಾನೊ 1789ರಲ್ಲಿ ತನ್ನ ಬದುಕನ್ನು ತಾನೇ ಬರೆದು ಪ್ರಕಟಿಸಿದ. ಸಾವಿರಾರು ಕುಟುಂಬಗಳು ವೆಸ್ಟ್ ಇಂಡೀಸ್ ಸಕ್ಕರೆಯನ್ನು ತ್ಯಜಿಸಿದವು.

ಆದರೂ ಈ ನೈತಿಕತೆಗೆ ಒಂದು ಮೇರೆಯಿತ್ತು. ಗುಲಾಮಗಿರಿಯನ್ನು ರದ್ದುಗೊಳಿಸಿದ 1833ರ ಕಾಯ್ದೆ 2 ಕೋಟಿ ಪೌಂಡ್ ಪರಿಹಾರವನ್ನು ಕೊಟ್ಟದ್ದು ಒಡೆಯರಿಗೆ; ತಲೆಮಾರುಗಳಿಂದ ಕೂಲಿಯಿಲ್ಲದೆ ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ. ಮೇಲಾಗಿ 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಅವರು 1838ರವರೆಗೆ ಅದೇ ಒಡೆಯರಿಗೆ ದುಡಿಯಬೇಕಾಯಿತು.

ಗುಲಾಮರು ತಾವಾಗಿ ಏನು ಮಾಡಿದರು?

ನಿಮ್ಮ ಉತ್ತರಪತ್ರಿಕೆಗಳಲ್ಲಿ ಅತಿ ಕಡಿಮೆ ಜಾಗ ಪಡೆಯುವ ಭಾಗವಿದು. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಜಾಗ ಸಿಗಬೇಕಾದದ್ದೂ ಇದೇ. ಫ್ರಾನ್ಸಿನ ಅತಿ ಶ್ರೀಮಂತ ವಸಾಹತಾಗಿದ್ದ ಸೇಂಟ್ ಡೊಮಿಂಗ್‌ನಲ್ಲಿ 1791ರ ಆಗಸ್ಟ್‌ನಲ್ಲಿ ಗುಲಾಮರು ದಂಗೆಯೆದ್ದು, ಸ್ಪೇನ್, ಬ್ರಿಟನ್ ಮತ್ತು ನೆಪೋಲಿಯನ್ನನ ಸೇನೆಗಳನ್ನು ಒಂದಾದ ಮೇಲೊಂದರಂತೆ ಎದುರಿಸಿ, 1804ರ ಜನವರಿ 1ರಂದು ಹೈಟಿ ಎಂಬ ಸ್ವತಂತ್ರ ದೇಶವನ್ನು ಕಟ್ಟಿದರು. ಅಂದಿನಿಂದ ಕೆರಿಬಿಯನ್‌ನ ಯಾವ ತೋಟದ ಒಡೆಯನಿಗೂ ನಿಶ್ಚಿಂತೆಯ ನಿದ್ದೆ ಉಳಿಯಲಿಲ್ಲ.

ಜಮೈಕಾದ ಸ್ಯಾಮ್ ಶಾರ್ಪ್ ಓದುಬರಹ ಬಲ್ಲ ಗುಲಾಮ, ಬ್ಯಾಪ್ಟಿಸ್ಟ್ ಬೋಧಕ. 1831ರ ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಕೂಲಿ ಕೊಡದ ಹೊರತು ಯಾರೂ ಕೆಲಸಕ್ಕೆ ಇಳಿಯಬಾರದೆಂಬುದು ಅವನ ಯೋಜನೆ. ಅದನ್ನು ಮುಷ್ಕರವೆಂದೇ ಕರೆಯಬೇಕು. ಡಿಸೆಂಬರ್ 27ರ ರಾತ್ರಿ ಕೆನ್ಸಿಂಗ್ಟನ್ ತೋಟಕ್ಕೆ ಬೆಂಕಿ ಬಿದ್ದು ಅದು ಬಂಡಾಯವಾಯಿತು. ಹತ್ತಾರು ಸಾವಿರ ಮಂದಿ ಸೇರಿಕೊಂಡರು. ಬಂಡಾಯಗಾರರು ಕೊಂದ ಬಿಳಿಯರು ಕೆಲವರೇ, ಆದರೆ ಬಂಡಾಯ ಅಡಗಿದ ಮೇಲೆ 300ಕ್ಕೂ ಹೆಚ್ಚು ಗುಲಾಮರಿಗೆ ಮರಣದಂಡನೆಯಾಯಿತು. 1832ರ ಮೇ ತಿಂಗಳಲ್ಲಿ ಶಾರ್ಪ್‌ನನ್ನು ನೇಣಿಗೇರಿಸಿದರು. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಸದಾ ಸೈನ್ಯ ಬೇಕು, ಸುಟ್ಟ ತೋಟದಿಂದ ಸಕ್ಕರೆ ಬರುವುದಿಲ್ಲ ಎಂಬ ಲೆಕ್ಕವನ್ನು ಲಂಡನ್ನಿಗೆ ಕಲಿಸಿದವರು ಗುಲಾಮರೇ. ಆರ್ಥಿಕ ಕಾರಣವನ್ನೂ ಪ್ರತಿರೋಧವನ್ನೂ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಬರೆಯುವಾಗ ಈ ನಂಟು ಕಳಚಿಹೋಗದಂತೆ ನೋಡಿಕೊಳ್ಳಿ.

1833ರ ಕಾಯ್ದೆ ಭಾರತಕ್ಕೂ ಅನ್ವಯಿಸಿತೇ?

ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಅದರಿಂದ ಹೊರಗಿಡಲಾಗಿತ್ತು. ಜಮೀನಿನೊಂದಿಗೇ ಕೈಬದಲಾಗುತ್ತಿದ್ದ ದಕ್ಷಿಣ ಕನ್ನಡದ ಮೂಲದಾಳುಗಳ ಮಟ್ಟಿಗೆ ಕಾನೂನು ಬದಲಾದದ್ದು 1843ರ 5ನೇ ಕಾಯ್ದೆಯಿಂದ. ಅದೂ ಒಬ್ಬ ಮನುಷ್ಯನ ಮೇಲೆ ಇನ್ನೊಬ್ಬನ ಒಡೆತನವನ್ನು ನ್ಯಾಯಾಲಯ ಮಾನ್ಯ ಮಾಡುವುದಿಲ್ಲ ಎಂದಿತೇ ಹೊರತು, ಆಳನ್ನು ಇಟ್ಟುಕೊಳ್ಳುವುದನ್ನು ಅಪರಾಧವೆನ್ನಲಿಲ್ಲ. ಅದಕ್ಕೆ 1860ರ ದಂಡಸಂಹಿತೆ ಬರಬೇಕಾಯಿತು. ಇತ್ತ ಗುಲಾಮರು ತೊರೆಯತೊಡಗಿದ ತೋಟಗಳಿಗೆ ಆಳುಗಳು ಹೋದದ್ದು ನಮ್ಮ ದೇಶದಿಂದಲೇ: 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು ಕರಾರು ಕೂಲಿಗೆ ಒಪ್ಪಿದ 36 ಭಾರತೀಯರನ್ನು ಮಾರಿಷಸ್‌ನಲ್ಲಿ ಇಳಿಸಿತು.