ಅಣ್ಣ ಯಾವ ಊರಲ್ಲೇ ಇರಲಿ, ರಾಖಿ ಹಬ್ಬದ ಮುಂಚೆಯೇ ಕೈ ಸೇರಲಿ

ಅಕ್ಕ ತಂಗಿಯರೇ, ಈ ಸಲದ ನೂಲು ಹುಣ್ಣಿಮೆ 2026ರ ಆಗಸ್ಟ್ 28, ಶುಕ್ರವಾರ. ಅವತ್ತು ಅಣ್ಣ ತಮ್ಮಂದಿರು ಬೆಳಿಗ್ಗೆಯೇ ಆಫೀಸಿಗೆ ಹೊರಟುಬಿಡುತ್ತಾರೆ ಅಲ್ವಾ? ಅದಕ್ಕೇ ಎಲ್ಲ ಪಾರ್ಸೆಲ್‌ಗಳನ್ನೂ 27ರ ಸಂಜೆಯೊಳಗೆ ಮುಟ್ಟಿಸುವ ಲೆಕ್ಕದಲ್ಲಿ ಧಾರವಾಡದಿಂದ ಕಳಿಸುತ್ತಿದ್ದೇವೆ.

ಆರ್ಡರ್ ಮಾಡಲು ಕೊನೆಯ ದಿನ (ಸಂಜೆ 4 ಗಂಟೆಯೊಳಗೆ)

ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಲಡಾಖ್, ಅಂಡಮಾನ್: ಆಗಸ್ಟ್ 17, ಸೋಮವಾರ
ದೆಹಲಿ, ಗುರುಗ್ರಾಮ, ಜೈಪುರ, ಲಖನೌ, ಕೋಲ್ಕತ್ತಾ: ಆಗಸ್ಟ್ 20, ಗುರುವಾರ
ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ: ಆಗಸ್ಟ್ 22, ಶನಿವಾರ
ಬೆಂಗಳೂರು, ಮೈಸೂರು, ಮಂಗಳೂರು: ಆಗಸ್ಟ್ 25, ಮಂಗಳವಾರ

ನಿಮ್ಮ ಊರು ಇದರಲ್ಲಿ ಇಲ್ಲದಿದ್ದರೆ ಹತ್ತಿರದ ದೊಡ್ಡ ಊರಿನ ದಿನಕ್ಕಿಂತ ಎರಡು ದಿನ ಮೊದಲೇ ಆರ್ಡರ್ ಮಾಡಿ. ಭಾನುವಾರಗಳಂದು ಮತ್ತು ಆಗಸ್ಟ್ 15ರಂದು ಪಾರ್ಸೆಲ್ ಹೊರಡುವುದಿಲ್ಲ.

ಡಬ್ಬಿಯಲ್ಲಿ ಒಂದು ರಾಖಿ, ಪುಟ್ಟ ಪೊಟ್ಟಣದಲ್ಲಿ ಅಕ್ಷತೆ-ಕುಂಕುಮ, ಜೊತೆಗೆ ಕಾಲು ಕೆಜಿ ಧಾರವಾಡ ಪೇಡ ಇರುತ್ತದೆ. ಬೆಲೆ ₹449. ಅರ್ಧ ಕೆಜಿ ಕರದಂಟು ಸೇರಿದರೆ ₹849. ಪೇಡ ಕಳಿಸುವ ದಿನ ಬೆಳಿಗ್ಗೆಯೇ ಮಾಡಿದ್ದು. ಕಂದು ಬಣ್ಣ ಬರುವವರೆಗೂ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸಿದ್ದು. ದೂರದ ಊರಿಗಾದರೆ ಕರದಂಟನ್ನೇ ಆರಿಸಿ. ಬೆಲ್ಲ, ಅಂಟು, ಒಣಹಣ್ಣಿನದು, ಹಾಲಿನ ಸಿಹಿಗಿಂತ ಜಾಸ್ತಿ ದಿನ ಇರುತ್ತದೆ. ಬೆಳಗಾವಿ ಕುಂದಾ ಬೇಗ ಕೆಡುವುದರಿಂದ ಬೆಂಗಳೂರಿಗೆ ಮಾತ್ರ ಕಳಿಸುತ್ತೇವೆ.

ರಾಖಿ ಹತ್ತಿ ನೂಲಿನದು. ಒಂಟಿಯಾಗಿ ಪಿಜಿಯಲ್ಲಿರುವ ತಮ್ಮನಿಗೆ ಒಂದೇ ಕೈಯಲ್ಲಿ ಗಂಟು ಹಾಕಿಕೊಳ್ಳುವುದು ಕಷ್ಟ. ಹಾಗಾಗಿ ಎಳೆದರೆ ಬಿಗಿಯಾಗುವ ಜಾರುಗಂಟು ಇಟ್ಟಿದ್ದೇವೆ. ನೀವು ವಿಡಿಯೋ ಕಾಲ್‌ನಲ್ಲಿ ನೋಡುತ್ತಿರುವಾಗಲೇ ಕಟ್ಟಿಕೊಳ್ಳಬಹುದು. ನಿಮ್ಮ ನಾಲ್ಕು ಮಾತು ಟೈಪ್ ಮಾಡಿ ಕಳಿಸಿ, ಕನ್ನಡದಲ್ಲೇ ಕೈಯಿಂದ ಬರೆದು ಒಳಗಿಡುತ್ತೇವೆ. ಇದಕ್ಕೆ ಬೇರೆ ದುಡ್ಡಿಲ್ಲ.

ಆಗಸ್ಟ್ 12ರೊಳಗೆ ಆರ್ಡರ್ ಮಾಡಿದರೆ ಕೊರಿಯರ್ ಉಚಿತ. ಆಮೇಲೆ ₹80. ದುಡ್ಡು ಮೊದಲೇ ಕಟ್ಟಬೇಕು. ತನಗೆ ಬಂದ ಉಡುಗೊರೆಗೆ ಅಣ್ಣನೇ ಬಾಗಿಲಲ್ಲಿ ನಿಂತು ಹಣ ಕೊಡುವುದು ಚೆನ್ನಾಗಿರಲ್ಲ! ಬಿಲ್ ನಿಮ್ಮ ಮೊಬೈಲಿಗೆ ಬರುತ್ತದೆ, ಡಬ್ಬಿಯಲ್ಲಿ ಬೆಲೆ ಇರುವುದಿಲ್ಲ.

ವಿಳಾಸದಲ್ಲಿ ಪಿನ್‌ಕೋಡ್ ಜೊತೆ ಅವರ ಮೊಬೈಲ್ ನಂಬರನ್ನೇ ಕೊಡಿ. ಡೆಲಿವರಿಯವರು ಕೇಳುವ ಒಟಿಪಿ ಆ ನಂಬರಿಗೇ ಬರುತ್ತದೆ. ಇತ್ತೀಚೆಗೆ ಮನೆ ಬದಲಾಯಿಸಿದ್ದಾರಾ ಅಂತ ಸುಮ್ನೆ ಒಮ್ಮೆ ಕೇಳಿಬಿಡಿ.

ಕೊನೆಯ ದಿನದೊಳಗೆ ಆರ್ಡರ್ ಮಾಡಿ, ಸರಿಯಾದ ವಿಳಾಸ ಕೊಟ್ಟೂ 28ರ ಸಂಜೆಯೊಳಗೆ ಪಾರ್ಸೆಲ್ ತಲುಪದಿದ್ದರೆ ಪೂರ್ತಿ ಹಣ ವಾಪಸ್. ಆರ್ಡರ್ ಮಾಡಲು ಇದೇ ವಾಟ್ಸಾಪ್ ನಂಬರಿಗೆ ‘ರಾಖಿ’ ಅಂತ ಕಳಿಸಿ, ಫಾರ್ಮ್ ಲಿಂಕ್ ಬರುತ್ತದೆ.