ಆಂಗ್ಲೋ–ಮೈಸೂರು ಯುದ್ಧಗಳು: ಪರೀಕ್ಷೆಗೆ ಟೈಮ್‌ಲೈನ್ (1761–1799)

ಪುಟ್ಟಿ, ನೀನು ಕಳಿಸಿದ ಹದಿನೆಂಟು ಪುಟದ ಪಾಠವನ್ನು ಎರಡು ಸಲ ಓದಿ ಇಷ್ಟಕ್ಕೆ ಇಳಿಸಿದ್ದೇನೆ. ಇಸವಿಗಳೆಲ್ಲ ಕಲಸಿಹೋಗುತ್ತವೆ ಅಂದಿದ್ದೆ ಅಲ್ವಾ? ಒಂದು ಯುದ್ಧ ಹೇಗೆ ಮುಗಿಯಿತು ಅನ್ನುವುದರಲ್ಲೇ ಮುಂದಿನದರ ಕಾರಣ ಇದೆ. ಬಾಣದ ಗುರುತು ಬಂದ ಕಡೆ ಒಂದು ಕ್ಷಣ ನಿಂತು ಓದು.

1761. ಮೈಸೂರಿನ ಅಧಿಕಾರ ಹೈದರ್ ಅಲಿ ಕೈಗೆ. ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಮಾತ್ರ ರಾಜರು.

1763. ಹೈದರ್ ಕೆಳದಿ ಅರಸರ ರಾಜಧಾನಿ ಬಿದನೂರು ಗೆದ್ದ.
→ ಅವರ ಖಜಾನೆ ಸಿಕ್ಕಿತು, ಕರಾವಳಿಗೆ ದಾರಿಯಾಯಿತು. ಮೈಸೂರು ಹೀಗೆ ಬೆಳೆದದ್ದು ಮರಾಠರಿಗೂ ನಿಜಾಮನಿಗೂ ಮದ್ರಾಸಿನ ಬ್ರಿಟಿಷರಿಗೂ ಹಿಡಿಸಲಿಲ್ಲ.

1767–69. ಮೊದಲ ಯುದ್ಧ
ಕಾರಣ: ಆ ಮೂವರೂ ಹೈದರನ ವಿರುದ್ಧ ಒಂದಾದರು. ಅವನು ಮರಾಠರಿಗೆ ಹಣ ಕೊಟ್ಟು ವಾಪಸ್ ಕಳಿಸಿದ. ನಿಜಾಮನನ್ನು ಸ್ವಲ್ಪ ದಿನ ತನ್ನ ಕಡೆ ಎಳೆದುಕೊಂಡ.
1769ರ ಮಾರ್ಚ್‌ನಲ್ಲಿ ಕುದುರೆ ದಳದೊಂದಿಗೆ ಮದ್ರಾಸಿನ ಬಾಗಿಲಿಗೇ ಬಂದು ನಿಂತ. ಬ್ರಿಟಿಷರಿಗೆ ಸಂಧಿ ಬಿಟ್ಟು ಬೇರೆ ದಾರಿ ಉಳಿಯಲಿಲ್ಲ.
→ ಮದ್ರಾಸ್ ಒಪ್ಪಂದ: ಗೆದ್ದದ್ದನ್ನು ಇಬ್ಬರೂ ಹಿಂದಿರುಗಿಸಬೇಕು. ಒಬ್ಬರ ಮೇಲೆ ಯಾರಾದರೂ ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರಬೇಕು. ಈ ಎರಡನೇ ಮಾತಿಗೆ ಗೆರೆ ಎಳೆ.

1770–72. ಮರಾಠರು ಮೈಸೂರಿನ ಮೇಲೆ ಬಿದ್ದರು. ಹೈದರ್ ನೆರವು ಕೇಳಿದ, ಬ್ರಿಟಿಷರು ಬರಲಿಲ್ಲ. ನಿನ್ನ ಪಾಠದಲ್ಲಿ ಇದು ಒಂದೇ ಸಾಲು. ಆದರೆ ಎರಡನೇ ಯುದ್ಧದ ಬೇರು ಇಲ್ಲೇ ಇದೆ.
→ ಹೈದರ್ ಈ ಮಾತು ತಪ್ಪಿದ್ದನ್ನು ಮರೆಯಲಿಲ್ಲ.

1779. ಬ್ರಿಟಿಷರು ಮಾಹೆಯನ್ನು ಹಿಡಿದರು. ಅದು ಫ್ರೆಂಚರ ಬಂದರು. ಹೈದರನಿಗೆ ಬಂದೂಕು, ಮದ್ದುಗುಂಡು ಬರುತ್ತಿದ್ದ ದಾರಿ. ಅದು ತನ್ನ ರಕ್ಷಣೆಯಲ್ಲಿದೆ ಎಂದು ಅವನು ಮೊದಲೇ ಹೇಳಿದ್ದ.

1780–84. ಎರಡನೇ ಯುದ್ಧ
ಕಾರಣ: 1. ಮುರಿದ ಮದ್ರಾಸ್ ಒಪ್ಪಂದ. 2. ಮಾಹೆ. "ಕಾರಣಗಳನ್ನು ಬರೆಯಿರಿ" ಅಂದರೆ ಎರಡನ್ನೂ ಇದೇ ಕ್ರಮದಲ್ಲಿ ಬರೆ. ಮಾಹೆ ಒಂದನ್ನೇ ಬರೆದರೆ ಅರ್ಧ ಉತ್ತರ.
1780 ಸೆಪ್ಟೆಂಬರ್, ಪೊಳ್ಳಿಲೂರು: ಕಂಚಿಯ ಹತ್ತಿರ ಬ್ರಿಟಿಷ್ ಸೇನಾಧಿಕಾರಿ ಬೈಲಿಯ ಸೈನ್ಯಕ್ಕೆ ದೊಡ್ಡ ಸೋಲು. ಅಲ್ಲಿ ಮೈಸೂರಿನವರು ರಾಕೆಟ್ ಬಿಟ್ಟರು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಉದ್ದನೆಯ ಬಿದಿರಿಗೆ ಕಟ್ಟಿದವು. ಬ್ರಿಟಿಷರ ಮದ್ದಿನ ಬಂಡಿಗಳೇ ಸಿಡಿದವು.
1781 ಜುಲೈ, ಪೋರ್ಟೊ ನೋವೊ: ಐರ್ ಕೂಟ್ ಹೈದರನನ್ನು ಸೋಲಿಸಿದ.
1782: ಮೇ ತಿಂಗಳಲ್ಲಿ ಸಾಲ್ಬಾಯ್ ಒಪ್ಪಂದವಾಗಿ ಮರಾಠರು ಬ್ರಿಟಿಷರ ಜೊತೆ ರಾಜಿಯಾದರು. ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ಹೈದರ್ ತೀರಿಕೊಂಡ. ಟಿಪ್ಪು ಯುದ್ಧ ಮುಂದುವರಿಸಿದ.
1783: ಯುರೋಪಿನಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಸಂಧಿಯಾಯಿತು, ಮೈಸೂರಿಗೆ ನೆರವಾಗುತ್ತಿದ್ದ ಫ್ರೆಂಚರು ಹಿಂದೆ ಸರಿದರು.
→ 1784, ಮಂಗಳೂರು ಒಪ್ಪಂದ: ಗೆದ್ದ ನೆಲ, ಸೆರೆಯಾಳುಗಳು ವಾಪಸ್. ಯಾರೂ ಗೆಲ್ಲಲಿಲ್ಲ. ಹಾಗಾಗಿ ಜಗಳ ಹಾಗೇ ಉಳಿಯಿತು.

1790–92. ಮೂರನೇ ಯುದ್ಧ
ಕಾರಣ: 1789ರ ಡಿಸೆಂಬರ್‌ನಲ್ಲಿ ಟಿಪ್ಪು ತಿರುವಾಂಕೂರಿನ ಮೇಲೆ ದಾಳಿ ಮಾಡಿದ. ತಿರುವಾಂಕೂರು ಬ್ರಿಟಿಷರ ಮಿತ್ರ. ನಿಜಾಮ, ಮರಾಠರು ಮತ್ತೆ ಬ್ರಿಟಿಷರ ಜೊತೆ ಸೇರಿದರು.
1791 ಮಾರ್ಚ್: ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ. ಆದರೆ ಮಳೆ ಸುರಿಯಿತು, ಧಾನ್ಯ ಮುಗಿಯಿತು, ಎತ್ತುಗಳು ಸತ್ತವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. 1792ರ ಫೆಬ್ರವರಿಯಲ್ಲಿ ಸಿದ್ಧತೆ ಮಾಡಿಕೊಂಡು ಮತ್ತೆ ಬಂದ.
→ 1792 ಮಾರ್ಚ್, ಶ್ರೀರಂಗಪಟ್ಟಣ ಒಪ್ಪಂದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳು. ಈ ಮೂರೂ ಬಾಯಿಪಾಠ ಇರಲಿ.
→ ನೆಲ ಹೋದರೆ ಕಂದಾಯ ಹೋಯಿತು, ಕಂದಾಯ ಹೋದರೆ ಸೈನ್ಯದ ಬಲ ಹೋಯಿತು. ಟಿಪ್ಪು ಫ್ರೆಂಚರ ನೆರವು ಹುಡುಕಿದ.

1799. ನಾಲ್ಕನೇ ಯುದ್ಧ
ಕಾರಣ: 1798ರಲ್ಲಿ ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿ ಬಂದ. ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಇಳಿದಿದ್ದ. ಟಿಪ್ಪು ಮಾರಿಷಸ್‌ನ ಫ್ರೆಂಚರನ್ನು ಸಂಪರ್ಕಿಸಿದ್ದೇ ವೆಲ್ಲೆಸ್ಲಿಗೆ ನೆಪವಾಯಿತು. ಅಲ್ಲಿಂದ ಬಂದವರು ಮಾತ್ರ ಸುಮಾರು ನೂರು ಜನ.
ಮೇ 4: ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ.
→ ರಾಜ್ಯವನ್ನು ಹಂಚಿಕೊಂಡರು. ಕೆನರಾ, ಕೊಯಮತ್ತೂರು ಬ್ರಿಟಿಷರಿಗೆ. ಉಳಿದ ಮೈಸೂರಿಗೆ ಪುಟ್ಟ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ರಾಜರು, ಪೂರ್ಣಯ್ಯ ದಿವಾನರು. ಬ್ರಿಟಿಷ್ ಸೈನ್ಯವನ್ನು ತನ್ನ ಖರ್ಚಿನಲ್ಲಿ ಇಟ್ಟುಕೊಳ್ಳುವ ಸಹಾಯಕ ಸೈನ್ಯ ಪದ್ಧತಿಗೆ ಮೈಸೂರು ಒಪ್ಪಬೇಕಾಯಿತು.

ಶನಿವಾರ ಸಂಜೆ ಫೋನ್ ಮಾಡುತ್ತೇನೆ. ಹಾಳೆ ಮುಚ್ಚಿಟ್ಟು 1769ರಿಂದ 1780ರವರೆಗೆ ನನಗೆ ಕಥೆ ಹೇಳು. ಇಸವಿ ಒಂದೆರಡು ತಪ್ಪಿದರೂ ಪರವಾಗಿಲ್ಲ, ಬಾಣ ಎಲ್ಲೂ ತಪ್ಪಬಾರದು.

— ಚಿಕ್ಕಮ್ಮ