ಬಿಸಿಯೂಟ: ದಿನದ ಸ್ವಚ್ಛತೆ, ಗುಣಮಟ್ಟದ ತಪಾಸಣೆ ಪಟ್ಟಿ ಮತ್ತು ದಾಖಲೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹಾಸನ ತಾಲ್ಲೂಕು
16-07-2025, ಬುಧವಾರ. ಊಟ: ಅನ್ನ, ತರಕಾರಿ ಸಾಂಬಾರ್, ಮೊಟ್ಟೆ

ಬರೆಯುವವರಿಗೆ
ಸುಮ್ನೆ ಟಿಕ್ ಹಾಕಬೇಡಿ. ಕಣ್ಣಿಗೆ ಕಂಡದ್ದನ್ನು ಒಂದು ಸಾಲು ಬರೆಯಿರಿ. ಅಡುಗೆಯವರು ಏನಾದರೂ ಹೇಳಿದರೆ ಅವರ ಮಾತಲ್ಲೇ ಬರೆದುಕೊಳ್ಳಿ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ತೀರಿಕೊಂಡರು. ಎಣ್ಣೆ ಸರಿಯಿಲ್ಲ ಅಂತ ಅಡುಗೆಯವರು ಮೊದಲೇ ಹೇಳಿದ್ದರೆಂದು ಆಗ ವರದಿಯಾಗಿತ್ತು. ಒಲೆ ಮುಂದೆ ನಿಂತವರಿಗೆ ವಾಸನೆ ಮೊದಲು ಗೊತ್ತಾಗುತ್ತೆ, ಅಲ್ವಾ?

ಒಲೆ ಹಚ್ಚುವ ಮುಂಚೆ (ಬೆಳಿಗ್ಗೆ 9.45)
- ಕೈ ಸೋಪಿನಲ್ಲಿ ತೊಳೆದದ್ದು, ಏಪ್ರನ್, ತಲೆಗೆ ಬಟ್ಟೆ: ಮೂವರೂ ಸರಿ.
- ಜ್ವರ, ಭೇದಿ, ಕೈಗಾಯ: ಒಬ್ಬ ಸಹಾಯಕಿಯ ಬೆರಳು ಕುಯ್ದಿದೆ. ಪಟ್ಟಿ ಕಟ್ಟಿಸಿ, ಇವತ್ತು ಅಡುಗೆ, ಬಡಿಸುವ ಕೆಲಸ ಬೇಡ ಎಂದು ತಿಳಿಸಿದೆ.
- ನೀರಿನ ಡ್ರಮ್: ಮುಚ್ಚಿದೆ, ತಳದಲ್ಲಿ ಪಾಚಿ ಇಲ್ಲ.
- ಗ್ಯಾಸ್ ಪೈಪ್, ರೆಗ್ಯುಲೇಟರ್: ಸರಿ.
- ಫಿನಾಯಿಲ್, ಇಲಿ ಪಾಷಾಣ: ಅಡುಗೆಮನೆ, ಉಗ್ರಾಣದಲ್ಲಿ ಇಲ್ಲ.

ಸಾಮಾನು
ಹಾಜರಿ: 1ರಿಂದ 5ನೇ ತರಗತಿ 62, 6ರಿಂದ 8ನೇ ತರಗತಿ 34, ಒಟ್ಟು 96.
ತಲಾ ಅಕ್ಕಿ 100 ಗ್ರಾಂ / 150 ಗ್ರಾಂ: 11.3 ಕೆ.ಜಿ.
ಬೇಳೆ 20 / 30: 2.26 ಕೆ.ಜಿ.
ತರಕಾರಿ 50 / 75: 5.65 ಕೆ.ಜಿ.
ಎಣ್ಣೆ 5 / 7.5: 565 ಗ್ರಾಂ.
ತೂಕ ಮಾಡಿದ ಮೇಲೆ ಬರೆದದ್ದು.

- ಅಕ್ಕಿ: ಹುಳ, ಕಲ್ಲು ಇಲ್ಲ. ನೀರಲ್ಲಿ ತೇಲುವ ಕಾಳು ಸಾರವರ್ಧಿತ ಅಕ್ಕಿಯದು, 100 ಕೆ.ಜಿ.ಗೆ 1 ಕೆ.ಜಿ. ಬೆರೆಸಿರುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ, ಆರಿಸಿ ಬಿಸಾಡಬೇಡಿ.
- ತೊಗರಿಬೇಳೆ: ತೆರೆದ ಚೀಲದಲ್ಲಿ ಹುಳ, ತಳದಲ್ಲಿ ಹಿಟ್ಟು ಹಿಟ್ಟು. ಚೀಲ ಬೇರೆ ಇಟ್ಟು, ಹೊಸ ಚೀಲ ಒಡೆದೆವು. ಮುಖ್ಯ ಅಡುಗೆಯವರ ಮಾತು: "ಗೋಡೆ ತಂಪು ಸಾರ್, ಚೀಲ ಒರಗಿಸಿದ್ರೆ ಹಿಂಗೇ ಆಗೋದು."
- ಎಣ್ಣೆ: ಸೀಲ್ ಸರಿ, ಅವಧಿ ಇದೆ, ಕಮಟು ವಾಸನೆ ಇಲ್ಲ.
- ಮೊಟ್ಟೆ: 84. ಒಡಕು ಇಲ್ಲ. ಮೊಟ್ಟೆ ತಿನ್ನದ 12 ಮಕ್ಕಳಿಗೆ ಬಾಳೆಹಣ್ಣು.

ರುಚಿ ನೋಡಿದ್ದು (12.30)
ಒಬ್ಬರು ಶಿಕ್ಷಕರು, ಮುಖ್ಯ ಅಡುಗೆಯವರು, ಎಸ್‌ಡಿಎಂಸಿಯ ಒಬ್ಬ ತಾಯಿ. ಅನ್ನ ಬೆಂದಿದೆ. ಸಾಂಬಾರಿಗೆ ಉಪ್ಪು ಕಮ್ಮಿ, ಸರಿ ಮಾಡಿದರು. ಮಾದರಿ ಊಟ ಮುಚ್ಚಳದ ಡಬ್ಬಿಯಲ್ಲಿ, ಚೀಟಿ ಅಂಟಿಸಿ, ನಾಳೆ ಇದೇ ಹೊತ್ತಿನವರೆಗೆ ಎತ್ತಿಟ್ಟಿದೆ.

ಬಡಿಸುವಾಗ (1.00)
ಊಟ ಬಿಸಿ ಇತ್ತು. ಸೋಪು ಇತ್ತು, ಆದರೆ ಚಿಕ್ಕವರು ಬರೀ ನೀರು ಮುಟ್ಟಿಸಿ ಓಡುತ್ತಾರೆ. ನಾಳೆಯಿಂದ ನಲ್ಲಿ ಹತ್ತಿರ 7ನೇ ತರಗತಿಯ ಇಬ್ಬರು ನಿಲ್ಲುತ್ತಾರೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಎರಡನೇ ಸಲ ಕೇಳಿದವರಿಗೂ ಸಿಕ್ಕಿತು. ಉಳಿದದ್ದು: ಅನ್ನ ಸುಮಾರು 1 ಕೆ.ಜಿ. ತಟ್ಟೆಗಳಲ್ಲಿ ಬಿಟ್ಟದ್ದು ಜಾಸ್ತಿ ಬದನೆಕಾಯಿ.

ಆಗಬೇಕಾದ ಕೆಲಸ
ಹುಳ ಬಿದ್ದ ಬೇಳೆ ಬದಲಿಸಲು ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಪತ್ರ: ಮುಖ್ಯ ಶಿಕ್ಷಕರು, ಇವತ್ತೇ.
ಉಗ್ರಾಣದ ಚೀಲಗಳ ಕೆಳಗೆ ಹಲಗೆ, ಗೋಡೆಯಿಂದ ಒಂದು ಅಡಿ ಜಾಗ: ಶನಿವಾರದೊಳಗೆ, ಎಸ್‌ಡಿಎಂಸಿ.

ಸಹಿ ಮಾಡಿದವರು: ದಿನದ ಉಸ್ತುವಾರಿ ಶಿಕ್ಷಕರು, ಮುಖ್ಯ ಅಡುಗೆಯವರು, ರುಚಿ ನೋಡಿದ ತಾಯಿ, ಮುಖ್ಯ ಶಿಕ್ಷಕರು. ಸಮಯ 2.10.